ಜೋರಾಗಿ ಕೂಗಿದವರಿಗೇ ಮೊದಲಲ್ಲ: ಬಣ್ಣದ ಟ್ರಯಾಜ್ ಕಾರ್ಡಿನ ಲೆಕ್ಕ

ಕಳೆದ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸೇರಿ ಒಂದು ಟ್ರಯಾಜ್ ಕಾರ್ಡನ್ನು ಪ್ರೋಗ್ರಾಂ ಮಾಡೋಕೆ ಹೊರಟೆವು. ಒಂದೇ ಹಾಳೆ, ಏಳು ಸಾಲು, ನಾಲ್ಕು ಬಣ್ಣ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ವಿ. ಮೊದಲ ಆವೃತ್ತಿ ಮುಗಿದ ಮೇಲೆ ಒಬ್ಬ ಕಲ್ಪಿತ ರೋಗಿಯ ವಿವರ ಕೊಟ್ಟು ನೋಡಿದೆವು. ವಯಸ್ಸು 52, ಎದೆನೋವು ಅಂತ ತಾವೇ ನಡೆದು ಬಂದಿದ್ದಾರೆ. ನಮ್ಮ ಪ್ರೋಗ್ರಾಂ ಉತ್ತರಿಸಿತು: ಹಸಿರು, ನಾಲ್ಕು ಗಂಟೆ ಕಾಯಬಹುದು.

ನಮ್ಮಲ್ಲೊಬ್ಬಳ ಅಕ್ಕ ಸ್ಟಾಫ್ ನರ್ಸ್. ಅವರಿಗೆ ತೋರಿಸಿದಾಗ ಎರಡು ನಿಮಿಷ ಸುಮ್ಮನೆ ನೋಡಿ, "ನಿಮ್ಮ ಲೆಕ್ಕ ಸರಿಯಾಗೇ ಇದೆ, ಆದ್ರೆ ರೋಗಿ ಬೆಂಚಿನ ಮೇಲೇ ಹೋಗಿಬಿಡ್ತಾನೆ" ಅಂದ್ರು. ಕೂಡಿಸೋದು ಸರಿ ಇದ್ದೂ ಉತ್ತರ ತಪ್ಪಾಗಿದ್ದು ಹೇಗೆ ಅಂತ ಹುಡುಕುತ್ತಾ ಹೋದಾಗ ನಾವು ಕಲಿತದ್ದನ್ನು ಇಲ್ಲಿ ಪಾಠದ ಹಾಗೆ ಬರೆದಿದ್ದೇವೆ.

ಯಾವ ಕಾರ್ಡು?

ಟ್ರಯಾಜ್ ಅಂದ್ರೆ ವಿಂಗಡಣೆ. ತುರ್ತು ವಿಭಾಗಕ್ಕೆ ಬಂದವರಲ್ಲಿ ಯಾರನ್ನು ಈಗಲೇ ನೋಡಬೇಕು, ಯಾರು ಕಾಯಬಹುದು ಅಂತ ತೀರ್ಮಾನಿಸೋದು. ರೋಗ ಏನು ಅಂತ ಪತ್ತೆಹಚ್ಚುವುದು ಇದರ ಕೆಲಸ ಅಲ್ಲ. ಆ ಕೆಲಸ ಡಾಕ್ಟರದ್ದು, ಅದು ಆಮೇಲಿನದು.

ನಾವು ಆರಿಸಿಕೊಂಡದ್ದು ದಕ್ಷಿಣ ಆಫ್ರಿಕಾದ ಟ್ರಯಾಜ್ ಮಾಪಕ. 2004ರಲ್ಲಿ ಕೇಪ್ ಟೌನ್‌ನಲ್ಲಿ 'ಕೇಪ್ ಟ್ರಯಾಜ್ ಗ್ರೂಪ್' ಅನ್ನೋ ಗುಂಪು ಇದರ ಕೆಲಸ ಶುರು ಮಾಡಿತು. ಡಾಕ್ಟರುಗಳು ಕಡಿಮೆ, ರೋಗಿಗಳು ಜಾಸ್ತಿ, ದುಬಾರಿ ಯಂತ್ರಗಳಿಲ್ಲ, ಬಾಗಿಲಲ್ಲಿ ನಿಂತು ವಿಂಗಡಿಸಬೇಕಾದವರು ನರ್ಸುಗಳು. ಅಂಥ ಜಾಗಕ್ಕೆಂದೇ ಕಟ್ಟಿದ ಕಾರ್ಡು ಇದು. ಸೆಕೆಂಡಿನ ಮುಳ್ಳಿರುವ ಗಡಿಯಾರ, ಬಿಪಿ ಯಂತ್ರ, ಥರ್ಮಾಮೀಟರ್, ಬೆರಳು ಚುಚ್ಚಿ ಸಕ್ಕರೆ ನೋಡುವ ಗ್ಲುಕೋಮೀಟರ್, ಇಷ್ಟಿದ್ದರೆ ಕೆಲಸ ಸಾಗುತ್ತೆ.

ಬಣ್ಣಗಳು ಹೀಗೆ: ಕೆಂಪು ಅಂದ್ರೆ ಈ ಕ್ಷಣವೇ ನೋಡಬೇಕು. ಕಿತ್ತಳೆ ಅಂದ್ರೆ 10 ನಿಮಿಷದೊಳಗೆ. ಹಳದಿ ಒಂದು ಗಂಟೆಯೊಳಗೆ. ಹಸಿರು ನಾಲ್ಕು ಗಂಟೆಯೊಳಗೆ. ಬಂದಾಗಲೇ ಜೀವ ಹೋಗಿದ್ದರೆ ನೀಲಿ.

ಏಳು ಸಾಲಿನ ಅಂಕಪಟ್ಟಿ

ಕಾರ್ಡಿನ ಒಂದು ಭಾಗ ಅಂಕಪಟ್ಟಿ. ಇದಕ್ಕೆ ಟ್ಯೂಸ್ ಅಂತಾರೆ, ಟ್ರಯಾಜಿನ ಮುನ್ನೆಚ್ಚರಿಕೆ ಅಂಕ. ದೇಹದ ಏಳು ಸಂಗತಿಗಳಿಗೆ ಸಾಮಾನ್ಯವಾಗಿದ್ದರೆ ಸೊನ್ನೆ, ದಾರಿ ತಪ್ಪಿದಷ್ಟೂ ಹೆಚ್ಚು ಅಂಕ, ಕೊನೆಗೆ ಕೂಡಿಸೋದು. ವಯಸ್ಕರ ಕಾರ್ಡು ಹೀಗಿದೆ:

- ಓಡಾಟ: ತಾವೇ ನಡೆದರೆ 0, ಆಸರೆ ಬೇಕಾದರೆ 1, ಸ್ಟ್ರೆಚರ್ ಮೇಲಿದ್ದರೆ 2.
- ಉಸಿರು (ನಿಮಿಷಕ್ಕೆ): 9ಕ್ಕಿಂತ ಕಡಿಮೆ 2, 9ರಿಂದ 14ಕ್ಕೆ 0, 15ರಿಂದ 20ಕ್ಕೆ 1, 21ರಿಂದ 29ಕ್ಕೆ 2, ಅದಕ್ಕೂ ಮೇಲೆ 3.
- ನಾಡಿ (ನಿಮಿಷಕ್ಕೆ): 41ಕ್ಕಿಂತ ಕಡಿಮೆ 2; 41ರಿಂದ 50ಕ್ಕೆ 1; 51ರಿಂದ 100ಕ್ಕೆ 0; 101ರಿಂದ 110ಕ್ಕೆ 1; 111ರಿಂದ 129ಕ್ಕೆ 2; ಅದಕ್ಕೂ ಮೇಲೆ 3.
- ಮೇಲಿನ ಬಿಪಿ: 71ಕ್ಕಿಂತ ಕಡಿಮೆ 3, 71ರಿಂದ 80ಕ್ಕೆ 2, 81ರಿಂದ 100ಕ್ಕೆ 1, 101ರಿಂದ 199ಕ್ಕೆ 0, ಅದಕ್ಕೂ ಮೇಲೆ 2.
- ಮೈ ಬಿಸಿ (ಸೆಲ್ಸಿಯಸ್): 35ಕ್ಕಿಂತ ಕಡಿಮೆ 2, 35ರಿಂದ 38.4ಕ್ಕೆ 0, ಅದಕ್ಕೂ ಮೇಲೆ 2.
- ಎಚ್ಚರ: ಪೂರ್ತಿ ಎಚ್ಚರವಿದ್ದರೆ 0, ಕರೆದಾಗ ಮಾತ್ರ ಪ್ರತಿಕ್ರಿಯೆ 1, ನೋವು ಕೊಟ್ಟಾಗ ಮಾತ್ರ 2, ಗೊಂದಲದಲ್ಲಿದ್ದರೆ 2, ಯಾವುದಕ್ಕೂ ಇಲ್ಲ ಅಂದ್ರೆ 3.
- ಪೆಟ್ಟು ಬಿದ್ದಿದೆಯಾ: ಇಲ್ಲ 0, ಹೌದು 1.

ಒಟ್ಟು 7 ಅಥವಾ ಹೆಚ್ಚು ಬಂದರೆ ಕೆಂಪು. 5 ಅಥವಾ 6 ಕಿತ್ತಳೆ. 3 ಅಥವಾ 4 ಹಳದಿ. 2 ಅಥವಾ ಕಡಿಮೆ ಹಸಿರು.

ಈ ಪಟ್ಟಿ 12 ವರ್ಷ ಮೀರಿದವರಿಗೆ, ಅಥವಾ 150 ಸೆಂಟಿಮೀಟರಿಗಿಂತ ಎತ್ತರ ಇರುವವರಿಗೆ ಮಾತ್ರ. ಮಕ್ಕಳಿಗೆ ಬೇರೆ ಎರಡು ಕಾರ್ಡುಗಳಿವೆ. ಹಸುಗೂಸಿನ ನಾಡಿ ಆರಾಮವಾಗಿದ್ದಾಗಲೂ 130 ಇರಬಹುದು. ಅದಕ್ಕೆ ದೊಡ್ಡವರ ಕಾರ್ಡು ಹಿಡಿದರೆ ಚೆನ್ನಾಗಿರುವ ಮಗುವಿಗೂ 3 ಅಂಕ ಬೀಳುತ್ತೆ.

ಕೂಡಿಸೋದು ಯಾಕೆ?

ನಮಗೆ ಮೊದಲು ಬಂದ ಪ್ರಶ್ನೆ ಇದು. ಪ್ರತಿಯೊಂದಕ್ಕೂ ಒಂದು ಗಡಿ ಇಟ್ಟು, ಯಾವುದಾದರೂ ಒಂದು ದಾಟಿದರೆ ಅಲಾರಂ ಹೊಡೆದರೆ ಸಾಲದಾ? ಲ್ಯಾಬಿನಲ್ಲಿ ನಾವು ಮಾಡೋದೇ ಅದು.

ಉತ್ತರಕ್ಕೆ ಒಬ್ಬ ರೋಗಿಯನ್ನು ನೋಡೋಣ. 58 ವರ್ಷದ ಅಮ್ಮ. ಮೂರು ದಿನದಿಂದ ಜ್ವರ, ಕೆಮ್ಮು. ಮಗನ ತೋಳು ಹಿಡಿದು ಬಂದು ಗೋಡೆಗೆ ಒರಗಿ ಕೂತಿದ್ದಾರೆ. ಕೇಳಿದರೆ "ಸುಸ್ತು ಕಣಪ್ಪಾ, ಇನ್ನೇನಿಲ್ಲ" ಅಂತಾರೆ. ಅಳತೆಗಳು: ಉಸಿರು 26, ನಾಡಿ 112, ಮೇಲಿನ ಬಿಪಿ 98, ಮೈ ಬಿಸಿ 38.6. ಎಚ್ಚರವಾಗಿದ್ದಾರೆ.

ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೌಹಾರಿಸುವಂಥದ್ದಲ್ಲ. ನಾಡಿಗೆ 130, ಉಸಿರಿಗೆ 30, ಜ್ವರಕ್ಕೆ 39 ಅಂತ ಗಡಿ ಇಟ್ಟಿದ್ದರೆ ಒಂದೂ ಅಲಾರಂ ಹೊಡೆಯುತ್ತಿರಲಿಲ್ಲ. ಈಗ ಅಂಕ ಹಾಕಿ. ಆಸರೆ ಹಿಡಿದು ಬಂದದ್ದಕ್ಕೆ 1, ಉಸಿರಿಗೆ 2, ನಾಡಿಗೆ 2, ಬಿಪಿಗೆ 1, ಜ್ವರಕ್ಕೆ 2, ಎಚ್ಚರಕ್ಕೆ 0, ಪೆಟ್ಟಿಗೆ 0. ಒಟ್ಟು 8. ಕೆಂಪು.

ದೇಹ ಕೆಲಸ ಮಾಡೋ ರೀತಿ ಗೊತ್ತಾದರೆ ಇದು ಅರ್ಥ ಆಗುತ್ತೆ. ಸೋಂಕು ರಕ್ತಕ್ಕೆ ಹರಡಿದಾಗ ಅಥವಾ ರಕ್ತ ಸೋರಿದಾಗ ಅಂಗಾಂಶಗಳಿಗೆ ಆಮ್ಲಜನಕ ಸಾಲದೆ ಆಮ್ಲ ಶೇಖರವಾಗುತ್ತೆ. ಅದನ್ನು ಸರಿದೂಗಿಸಲು ಇಂಗಾಲದ ಡೈಆಕ್ಸೈಡನ್ನು ಹೊರಹಾಕಬೇಕು, ಹಾಗಾಗಿ ಉಸಿರು ಬೇಗ ಏರುತ್ತೆ. ಹೃದಯ ಜೋರಾಗಿ ಬಡಿಯುತ್ತೆ, ರಕ್ತನಾಳಗಳು ಬಿಗಿಯಾಗುತ್ತವೆ, ಇವೆಲ್ಲ ಸೇರಿ ಬಿಪಿಯನ್ನು ಹಿಡಿದು ನಿಲ್ಲಿಸುತ್ತವೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಹೊಸದಲ್ಲ: ಔಟ್‌ಪುಟ್ ಸ್ಥಿರವಾಗಿ ಕಾಣ್ತಿದೆ, ಆದರೆ ಅದನ್ನು ಹಾಗಿಡಲು ಕಂಟ್ರೋಲರ್ ಎಷ್ಟು ಒದ್ದಾಡ್ತಿದೆ ಅನ್ನೋದು ಬೇರೆ ಕಡೆ ಕಾಣುತ್ತೆ. ಆರೋಗ್ಯವಂತ ಯುವಕನೊಬ್ಬ ತನ್ನ ರಕ್ತದಲ್ಲಿ ಶೇ. 15ರಿಂದ 30ರಷ್ಟು ಕಳೆದುಕೊಂಡರೂ ಮಲಗಿದ್ದಾಗ ಮೇಲಿನ ಬಿಪಿ ಹೆಚ್ಚುಕಮ್ಮಿ ಸರಿಯಾಗೇ ಇರಬಹುದು. ಬಿಪಿ ಬಿದ್ದಾಗ ಸರಿದೂಗಿಸುವ ಶಕ್ತಿ ಮುಗಿದಿದೆ ಅಂತ ಅರ್ಥ. ಅದಕ್ಕೇ ಬಿಪಿಯೊಂದನ್ನೇ ನಂಬೋ ಹಾಗಿಲ್ಲ. ನಾಲ್ಕು ಕಡೆ ಸ್ವಲ್ಪಸ್ವಲ್ಪ ಕೆಟ್ಟಿರೋದನ್ನು ಹಿಡಿಯಲು ಕೂಡಿಸಲೇಬೇಕು.

ಕೂಡಿಸಿದರೆ ಮಾತ್ರ ಸಾಲದು

ಈಗ ನಮ್ಮ ಮೊದಲ ತಪ್ಪಿಗೆ ಬರೋಣ. ಎದೆನೋವಿನವರ ಅಳತೆಗಳು: ಉಸಿರು 16, ನಾಡಿ 88, ಮೇಲಿನ ಬಿಪಿ 138, ಮೈ ಬಿಸಿ 36.7, ಎಚ್ಚರ ಇದೆ, ನಡೆದು ಬಂದರು, ಪೆಟ್ಟಿಲ್ಲ. ಉಸಿರಿನ 1 ಬಿಟ್ಟರೆ ಎಲ್ಲ ಸೊನ್ನೆ. ಒಟ್ಟು 1, ಹಸಿರು. ಅಂಕಪಟ್ಟಿ ಹೇಳೋದು ದೇಹ ಈಗ ಎಷ್ಟು ಕೆಟ್ಟಿದೆ ಅನ್ನೋದನ್ನು ಮಾತ್ರ. ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತಿದ್ದರೂ ಮೊದಲ ಅರ್ಧ ಗಂಟೆ ಎಲ್ಲ ಅಳತೆಗಳೂ ಸರಿಯಾಗಿ ಇರಬಹುದು. ಮುಂದೆ ಏನಾಗಬಹುದು ಅನ್ನೋದು ಅಂಕಕ್ಕೆ ಗೊತ್ತಿಲ್ಲ.

ಅದಕ್ಕೇ ಕಾರ್ಡಿನಲ್ಲಿ ಇನ್ನೊಂದು ಭಾಗ ಇದೆ, ನಾವು ಅದನ್ನು ಓದಿ 'ಇದು ಸೂಚನೆ ಇರಬೇಕು' ಅಂತ ಬಿಟ್ಟಿದ್ದೆವು. ಅದು ಲಕ್ಷಣಗಳ ಪಟ್ಟಿ. ಅದರಲ್ಲಿ ಒಂದು ಲಕ್ಷಣ ಇದ್ದರೂ ಸಾಕು, ಅಂಕ ಎಷ್ಟೇ ಇರಲಿ, ಬಣ್ಣ ಮೇಲೇರುತ್ತೆ. ಉಸಿರುನಾಳ ಮುಚ್ಚಿದ್ದರೆ, ಫಿಟ್ಸ್ ಆಗುತ್ತಲೇ ಇದ್ದರೆ, ಹೃದಯ ನಿಂತಿದ್ದರೆ ನೇರ ಕೆಂಪು. ಅಲ್ಲಿ ಬಿಪಿ ನೋಡುತ್ತಾ ಕೂರೋ ಹಾಗಿಲ್ಲ. ಎದೆನೋವು, ಹಠಾತ್ ಉಸಿರಾಟದ ತೊಂದರೆ, ರಕ್ತವಾಂತಿ, ವಿಷ ಸೇವನೆ, ಹಠಾತ್ತಾಗಿ ಒಂದು ಕಡೆ ಕೈಕಾಲು ಬಲಹೀನವಾಗಿರೋದು, ಗರ್ಭಿಣಿಗೆ ಹೊಟ್ಟೆನೋವು, ತಡೆಯಲಾಗದ ನೋವು, ಇವೆಲ್ಲ ಕನಿಷ್ಠ ಕಿತ್ತಳೆ. ಚರ್ಮ ಹರಿಯದ ಮೂಳೆ ಮುರಿತ, ನಿಂತುಹೋದ ರಕ್ತಸ್ರಾವ, ಮಧ್ಯಮ ನೋವು, ಇವು ಕನಿಷ್ಠ ಹಳದಿ.

ಅಂತಿಮ ಬಣ್ಣದ ನಿಯಮ ಒಂದೇ ಸಾಲಿನದು: ಲಕ್ಷಣಗಳು ಹೇಳುವ ಬಣ್ಣ, ಅಂಕ ಹೇಳುವ ಬಣ್ಣ, ಇವೆರಡರಲ್ಲಿ ಯಾವುದು ಹೆಚ್ಚು ತುರ್ತೋ ಅದು. ಸರಾಸರಿ ಅಲ್ಲ, ಗರಿಷ್ಠ. ನಾವು ಬಿಟ್ಟದ್ದು ಈ ಒಂದು ಸಾಲನ್ನೇ. ಎದೆನೋವಿನವರು ಕಿತ್ತಳೆ: ಹತ್ತು ನಿಮಿಷದೊಳಗೆ ಡಾಕ್ಟರು ನೋಡಬೇಕು, ಕಾಯೋ ಹೊತ್ತಿನಲ್ಲೇ ಇಸಿಜಿ ತೆಗೆಯಬೇಕು.

ಲಕ್ಷಣಗಳ ಜೊತೆಗೆ ಕೆಲವು ಕಡ್ಡಾಯ ಪರೀಕ್ಷೆಗಳೂ ಇವೆ. ಎಚ್ಚರ ಕಡಿಮೆ ಇರುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಲೀಟರಿಗೆ 3 ಮಿಲಿಮೋಲ್‌ಗಿಂತ ಕಡಿಮೆ ಬಂದರೆ ಕೆಂಪು. ನಮ್ಮ ಕಡೆಯ ಯಂತ್ರಗಳು ತೋರಿಸುವ ಲೆಕ್ಕದಲ್ಲಿ ಇದು ಸುಮಾರು 54. ಕುಡಿದು ಬಿದ್ದಿದ್ದಾನೆ ಅಂತ ಮೂಲೆಗೆ ಸೇರಿಸುವ ಮನುಷ್ಯನನ್ನು ಉಳಿಸುವ ಸಾಲು ಇದು.

ಅಳೆಯದೇ ಬಿಟ್ಟದ್ದು ಸೊನ್ನೆ ಅಲ್ಲ

ಅಕ್ಕ ತೋರಿಸಿದ ಎರಡನೇ ತಪ್ಪು ಇನ್ನೂ ಸೂಕ್ಷ್ಮ. ನಮ್ಮ ಪ್ರೋಗ್ರಾಂನಲ್ಲಿ ಖಾಲಿ ಬಿಟ್ಟ ಜಾಗ ತಾನಾಗಿ ಸೊನ್ನೆ ಆಗುತ್ತಿತ್ತು. ಈ ಕಾರ್ಡಿನಲ್ಲಿ ಸೊನ್ನೆ ಅಂದ್ರೆ 'ಸಾಮಾನ್ಯ' ಅಂತ ಅರ್ಥ. ಅಂದ್ರೆ ಅಳೆಯದೇ ಇದ್ದದ್ದನ್ನೆಲ್ಲ ನಾವು ಆರೋಗ್ಯ ಅಂತ ಬರೆದುಬಿಡುತ್ತಿದ್ದೆವು.

ಆ ಅಮ್ಮನ ವಿಷಯಕ್ಕೇ ವಾಪಸ್ ಹೋಗೋಣ. ಥರ್ಮಾಮೀಟರ್ ಸಿಗಲಿಲ್ಲ, ಜ್ವರ ಬಿಟ್ಟರು: 8 ಇದ್ದದ್ದು 6 ಆಯಿತು, ಕೆಂಪು ಹೋಗಿ ಕಿತ್ತಳೆ. ಉಸಿರು ಎಣಿಸಲಿಲ್ಲ, ಅಂದಾಜಿಗೆ 18 ಅಂತ ಬರೆದರು: 5, ಇನ್ನೂ ಕಿತ್ತಳೆ. ಬಿಪಿ ಯಂತ್ರ ಪಕ್ಕದ ವಾರ್ಡಿನಲ್ಲಿದೆ, ಆಮೇಲೆ ನೋಡೋಣ ಅಂದರು: 4, ಹಳದಿ. ಮೂರೂ ಸಣ್ಣ ಸಣ್ಣ ಉದಾಸೀನ. ಯಾರೂ ಸುಳ್ಳು ಹೇಳಿಲ್ಲ, ಕೂಡಿಸಿದ್ದರಲ್ಲೂ ತಪ್ಪಿಲ್ಲ. ಈಗಲೇ ನೋಡಬೇಕಾದವರು ಒಂದು ಗಂಟೆ ಗೋಡೆಗೆ ಒರಗಿ ಕೂರ್ತಾರೆ.

ನಾವು ತಿದ್ದಿದ್ದು ಹೀಗೆ. ಉಸಿರಿನ ಸಾಲನ್ನು ಮಾತ್ರ ಕೊಡುತ್ತಿದ್ದೇವೆ:

```python
def rr_points(rr):
    if rr is None:
        raise ValueError("breaths not counted")
    if rr < 9:  return 2
    if rr < 15: return 0
    if rr < 21: return 1
    if rr < 30: return 2
    return 3
```

ಖಾಲಿ ಇದ್ದರೆ ಈಗ ಅಂಕವೇ ಬರಲ್ಲ, ತಪ್ಪು ಅಂತ ತೋರಿಸುತ್ತೆ. ಕಾಗದದ ಕಾರ್ಡಿನಲ್ಲಾದರೆ ಇದೇ ಕೆಲಸಕ್ಕೆ ಪ್ರತಿ ಸಾಲಿನ ಮುಂದೆ ಅಳತೆ ಬರೆಯಲು ಒಂದು ಮನೆ, ಅಂಕಕ್ಕೆ ಇನ್ನೊಂದು ಮನೆ ಇರಬೇಕು. ಬರೀ ಅಂಕದ ಮನೆ ಇದ್ದರೆ ಸೊನ್ನೆ ಬರೆದದ್ದು ಎಣಿಸಿಯೋ ಎಣಿಸದೆಯೋ ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ.

ಎಲ್ಲರೂ ತಪ್ಪು ಮಾಡೋ ಸಾಲು: ಉಸಿರು

ನಾಡಿಗೆ, ಬಿಪಿಗೆ ಯಂತ್ರ ಇದೆ. ಉಸಿರಿಗೆ ಕಣ್ಣು, ಗಡಿಯಾರ ಬೇಕು. ಹಾಗಾಗಿ ಎಣಿಸದೇ ಬರೆಯುವ ಸಾಲು ಇದೇ. ಎಣಿಸುವಾಗಲೂ ಒಂದು ತಂತ್ರ ಇದೆ. ಉಸಿರು ಎಣಿಸ್ತಿದ್ದೀನಿ ಅಂತ ರೋಗಿಗೆ ಗೊತ್ತಾದರೆ ಅವರ ಉಸಿರೇ ಬದಲಾಗುತ್ತೆ. ಅದಕ್ಕೆ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡು, ಎದೆ ಏರಿಳಿಯೋದನ್ನು ಎಣಿಸಬೇಕು.

ಎಷ್ಟು ಹೊತ್ತು? ನಾವು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು ಅಂದುಕೊಂಡಿದ್ವಿ. ಲೆಕ್ಕ ಹಾಕಿ ನೋಡಿ. ನಿಜವಾದ ಉಸಿರು ನಿಮಿಷಕ್ಕೆ 22 ಇದೆ ಅನ್ನಿ. 15 ಸೆಕೆಂಡಿನಲ್ಲಿ ಆಗೋದು ಐದೂವರೆ. ನೀವು ಐದು ಎಣಿಸಿದರೆ 20, ಅಂದ್ರೆ 1 ಅಂಕ. ಆರು ಎಣಿಸಿದರೆ 24, ಅಂದ್ರೆ 2 ಅಂಕ. ಒಂದೇ ರೋಗಿ, ಇಬ್ಬರು ನರ್ಸುಗಳು, ಎರಡು ಅಂಕ. ನಮ್ಮ ಭಾಷೆಯಲ್ಲಿ ಹೇಳೋದಾದರೆ ನಾಲ್ಕರ ಮೆಟ್ಟಿಲಿರುವ ಅಳತೆಗೋಲಿನಿಂದ ಆರು, ಒಂಬತ್ತು ಅಗಲದ ಪಟ್ಟಿಗಳನ್ನು ಅಳೆಯುತ್ತಿದ್ದೇವೆ. 30 ಸೆಕೆಂಡು ಎಣಿಸಿದರೆ ಮೆಟ್ಟಿಲು ಎರಡಕ್ಕೆ ಇಳಿಯುತ್ತೆ. ಉಸಿರು ಒಂದೇ ಸಮ ಇಲ್ಲದಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಲೇಬೇಕು.

ಎಣಿಸ್ತಿದ್ದಾರಾ ಇಲ್ವಾ ಅಂತ ಕಂಡುಹಿಡಿಯೋದು ಸುಲಭ. ರಿಜಿಸ್ಟರಿನ ಉಸಿರಿನ ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದಿ. 30 ಸೆಕೆಂಡಿನ ಎಣಿಕೆಯಾದರೆ ಎಲ್ಲ ಸಮ ಸಂಖ್ಯೆಗಳೇ ಇರೋದು ಸಹಜ, ಆದರೆ 14, 22, 16, 28, 18 ಅಂತ ಹರಡಿಕೊಂಡಿರಬೇಕು. ನಡೆದು ಬಂದವರಿಗೂ ಸ್ಟ್ರೆಚರಿನಲ್ಲಿ ಬಂದವರಿಗೂ 18, 20, 18, 20 ಅಂತಲೇ ಇದ್ದರೆ ಅದು ಎಣಿಕೆ ಅಲ್ಲ, ಅಭ್ಯಾಸ.

ಕಾರ್ಡು ಸೋಲೋ ಕಡೆ

ಎಲ್ಲ ಸರಿಯಾಗಿ ಅಳೆದರೂ ಕಾರ್ಡು ಕೆಲವರ ವಿಷಯದಲ್ಲಿ ಮೋಸಹೋಗುತ್ತೆ. ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋ ವಯಸ್ಸಾದವರ ಹೃದಯ, ರಕ್ತ ಸೋರಿದಾಗಲೂ ಬೇಕಾದಷ್ಟು ಜೋರಾಗಿ ಬಡಿಯಲ್ಲ, ಮಾತ್ರೆ ಬಿಡಲ್ಲ. ನಾಡಿ 84, ಅಂಕ ಸೊನ್ನೆ. ಯಾವಾಗಲೂ ಬಿಪಿ 170 ಇರುವವರಿಗೆ ಇವತ್ತು 105 ಅಂದ್ರೆ ದೊಡ್ಡ ಕುಸಿತ, ಆದರೆ ಕಾರ್ಡಿಗೆ ಅದೂ ಸಾಮಾನ್ಯ. ಕಾರ್ಡು ನೋಡೋದು ಈಗಿನ ಅಂಕಿಯನ್ನು, ಇದೇ ಮನುಷ್ಯನ ನಿನ್ನೆಯ ಅಂಕಿಯನ್ನಲ್ಲ. ಇದಕ್ಕಾಗಿಯೇ ಅನುಭವಿ ನರ್ಸ್ ಅಥವಾ ಡಾಕ್ಟರು ಕಾರ್ಡು ಕೊಟ್ಟ ಬಣ್ಣವನ್ನು ಬದಲಾಯಿಸಬಹುದು ಅಂತ ಕಾರ್ಡಿನಲ್ಲೇ ಅವಕಾಶ ಇದೆ.

ಇನ್ನೊಂದು, ಬಣ್ಣಕ್ಕೆ ಆಯಸ್ಸು ಇದೆ. ಒಂಬತ್ತು ಗಂಟೆಗೆ ಕೊಟ್ಟ ಹಳದಿ ಒಂಬತ್ತು ಗಂಟೆಯ ಸತ್ಯ ಅಷ್ಟೇ. ಕಾಯುತ್ತಿರುವವರನ್ನು ಮತ್ತೆ ಅಳೆಯಬೇಕು, ಹಾಗಾಗಿ ಕಾರ್ಡಿನ ಮೇಲೆ ಬಣ್ಣದ ಪಕ್ಕದಲ್ಲೇ ಅಳೆದ ಸಮಯ ಬರೆಯೋ ಜಾಗ ಇರಬೇಕು.

ಮೂವರು ಒಟ್ಟಿಗೆ ಬಂದರೆ

ಕೊನೆಗೆ ನಮ್ಮ ಹೊಸ ಆವೃತ್ತಿಗೆ ಮೂವರನ್ನು ಒಟ್ಟಿಗೆ ಕೊಟ್ಟೆವು. ಆ ಅಮ್ಮ, ಆ ಎದೆನೋವಿನವರು, ಜೊತೆಗೆ ಬೈಕಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ 24ರ ಹುಡುಗ. ಚರ್ಮ ಹರಿದಿಲ್ಲ, ನೋವು ಮಧ್ಯಮ, ಆದರೆ ಜೊತೆಗೆ ಬಂದ ಆರು ಜನ ಗೆಳೆಯರು ಕೌಂಟರ್ ಬಡೀತಿದ್ದಾರೆ. ಉಸಿರು 18ಕ್ಕೆ 1, ನಾಡಿ 104ಕ್ಕೆ 1, ಬಿಪಿ 132ಕ್ಕೆ 0, ಮೈ ಬಿಸಿ 36.8ಕ್ಕೆ 0, ನಡೆದು ಬಂದ 0, ಎಚ್ಚರ 0, ಪೆಟ್ಟಿಗೆ 1. ಒಟ್ಟು 3, ಹಳದಿ. ಲಕ್ಷಣದ ಪಟ್ಟಿಯೂ ಹಳದಿಯನ್ನೇ ಹೇಳುತ್ತೆ. ಕೈಗೆ ಪಟ್ಟಿ ಕಟ್ಟಿ, ನೋವಿಗೆ ಮಾತ್ರೆ ಕೊಟ್ಟು ಕೂರಿಸಬಹುದು.

ಸದ್ದಿನ ಪ್ರಕಾರ ಸಾಲು ಮಾಡಿದ್ದರೆ ಮೊದಲು ಹುಡುಗ, ಆಮೇಲೆ ಎದೆನೋವು, ಕೊನೆಗೆ ಏನೂ ಕೇಳದೆ ಕೂತಿದ್ದ ಅಮ್ಮ. ಕಾರ್ಡಿನ ಸಾಲು ಪೂರ್ತಿ ತಿರುವುಮುರುವು: ಅಮ್ಮ ಕೆಂಪು, ಎದೆನೋವು ಕಿತ್ತಳೆ, ಹುಡುಗ ಹಳದಿ.

ಅಕ್ಕನಿಗೆ ಮತ್ತೆ ತೋರಿಸಿದೆವು. ಅವರು ಬಣ್ಣಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಅಮ್ಮನ ಸಾಲಿನ ಮೇಲೆ ಬೆರಳಿಟ್ಟು, "ಈ 26 ಎಣಿಸಿದ್ದಾ, ಬರೆದದ್ದಾ?" ಅಂತ ಕೇಳಿದರು. ಆ ಪ್ರಶ್ನೆಗೆ ಪ್ರೋಗ್ರಾಂನಲ್ಲಿ ಉತ್ತರ ಇರಲಿಲ್ಲ. ಈಗ ಉಸಿರಿನ ಮನೆಯ ಪಕ್ಕದಲ್ಲಿ 'ಎಷ್ಟು ಸೆಕೆಂಡು ಎಣಿಸಿದಿರಿ' ಅನ್ನೋ ಇನ್ನೊಂದು ಮನೆ ಸೇರಿಸಿದ್ದೇವೆ. ಅದನ್ನು ತುಂಬದೆ ಮುಂದಿನ ಸಾಲಿಗೆ ಹೋಗೋಕೆ ಆಗಲ್ಲ.